ಲಾಭವಿದ್ದೂ ಕಾಸಿಲ್ಲದ ಜವಳಿ ಅಂಗಡಿ: ನಗದು ಪರಿವರ್ತನಾ ಚಕ್ರದ ಒಂದು ಪ್ರಕರಣ ಅಧ್ಯಯನ

ದಾವಣಗೆರೆಯ ಈ ಜವಳಿ ಅಂಗಡಿ ಅಣ್ಣತಮ್ಮಂದಿರ ಪಾಲುದಾರಿಕೆ ಸಂಸ್ಥೆ. ಹೆಸರನ್ನು ಇಲ್ಲಿ ಬಿಟ್ಟಿದ್ದೇವೆ. ಖರೀದಿ ಅಣ್ಣನದು, ಲೆಕ್ಕಪತ್ರ ತಮ್ಮನದು. 2023-24ರಲ್ಲಿ ಜಿಎಸ್‌ಟಿ ಬಿಟ್ಟು 6 ಕೋಟಿ ರೂಪಾಯಿ ವಹಿವಾಟು ನಡೆದು, ತೆರಿಗೆಗೆ ಮುಂಚೆ 21 ಲಕ್ಷ ಲಾಭ ಬಂದಿತ್ತು. ವ್ಯಾಪಾರ ಹಿಂದಿನ ವರ್ಷಕ್ಕಿಂತ ಚೆನ್ನಾಗಿತ್ತು. ಆದರೂ ಮಾರ್ಚ್ ಕೊನೆಯಲ್ಲಿ, ಯುಗಾದಿಗೆ ಹತ್ತು ದಿನವೂ ಇಲ್ಲದಾಗ, ಸೂರತ್ತಿನ ಬಿಲ್ಲು ತೀರಿಸಲು ಹಣವಿರಲಿಲ್ಲ. ಬ್ಯಾಂಕಿನ 100 ಲಕ್ಷದ ಕ್ಯಾಶ್ ಕ್ರೆಡಿಟ್ ಮಿತಿಯಲ್ಲಿ 97 ಲಕ್ಷ ಬಳಕೆಯಾಗಿತ್ತು.

ಮಿತಿಯನ್ನು 35 ಲಕ್ಷ ಹೆಚ್ಚಿಸಿಕೊಡಿ ಎಂದು ಸಹೋದರರು ಬ್ಯಾಂಕಿಗೆ ಅರ್ಜಿ ಹಾಕಿದರು. ಸಣ್ಣ ಉದ್ಯಮಗಳ ಸಾಲಕ್ಕಾಗಿ ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ವಹಿವಾಟು ಸೂತ್ರದ ಪ್ರಕಾರ, ಮುಂದಿನ ವರ್ಷದ ಅಂದಾಜು ಮಾರಾಟದ ಶೇ. 20ರಷ್ಟು ದುಡಿಯುವ ಬಂಡವಾಳ ಸಾಲ ಕೇಳಬಹುದು. ಅವರ ಅಂದಾಜು 675 ಲಕ್ಷ. ಅಂದರೆ 135 ಲಕ್ಷಕ್ಕೆ ಅರ್ಹತೆ ಇದೆ ಎಂಬುದು ಅವರ ಲೆಕ್ಕ. ಬ್ಯಾಂಕಿನ ಅಧಿಕಾರಿ ಮಾತ್ರ ಆ ಲೆಕ್ಕವನ್ನು ಪಕ್ಕಕ್ಕಿಟ್ಟು ದಾಸ್ತಾನು ನೋಡಲು ಅಂಗಡಿಗೇ ಬಂದರು.

ಅವರು ನೇರವಾಗಿ ಹೋದದ್ದು ಮಹಡಿಯ ರೇಷ್ಮೆ ಸೀರೆಯ ಕಪಾಟಿಗೆ. ಮೂರನೆಯ ಸಾಲಿನ ಹಿಂಭಾಗದಿಂದ ಒಂದು ಸೀರೆ ಎಳೆದು ಬಿಡಿಸಿದರು. ಮಡಿಕೆಯ ಗೆರೆಯುದ್ದಕ್ಕೂ ಜರಿ ಕಪ್ಪಾಗಿತ್ತು. ಬೆಲೆಚೀಟಿಯ ಮೇಲೆ ಖರೀದಿಯ ತಿಂಗಳು ಬರೆದಿತ್ತು: 2021ರ ನವೆಂಬರ್.

ಒಂದು ವರ್ಷ ದಾಟಿದ ಸರಕನ್ನೆಲ್ಲ ಎಣಿಸಿದಾಗ ಖರೀದಿ ಬೆಲೆಯಲ್ಲಿ 38 ಲಕ್ಷದ ಮಾಲು ಹೊರಬಿತ್ತು. ದಾಸ್ತಾನು ಮತ್ತು ಬಾಕಿಯ ಆಧಾರದ ಮೇಲೆ ಎಷ್ಟು ಸಾಲ ತೆಗೆಯಬಹುದು ಎಂಬ ಲೆಕ್ಕವೇ ಡ್ರಾಯಿಂಗ್ ಪವರ್; ಬ್ಯಾಂಕು ಈ ಹಳೆಯ ಮಾಲನ್ನು ಅದಕ್ಕೆ ಪರಿಗಣಿಸಲಿಲ್ಲ. 200 ಲಕ್ಷದ ದಾಸ್ತಾನಿನಲ್ಲಿ 38 ಹೋಯಿತು, ಸರಬರಾಜುದಾರರಿಗೆ ಕೊಡಬೇಕಾದ 78 ಹೋಯಿತು. ಉಳಿದ 84ರ ಮೇಲೆ ಶೇ. 25 ಮಾರ್ಜಿನ್ ಕಳೆದರೆ 63 ಲಕ್ಷ. ಬರಬೇಕಾದ ಬಾಕಿ 46 ಲಕ್ಷದಲ್ಲಿ 90 ದಿನ ಮೀರಿದ 18 ಲಕ್ಷ ಬಿಟ್ಟು, ಉಳಿದ 28ರ ಶೇ. 60 ಎಂದರೆ 16.8 ಲಕ್ಷ. ಒಟ್ಟು 79.8 ಲಕ್ಷ. ಇನ್ನೂ 35 ಲಕ್ಷ ಕೇಳಲು ಹೋದವರಿಗೆ, ಈಗಾಗಲೇ ತೆಗೆದುಕೊಂಡದ್ದರಲ್ಲಿ 17 ಲಕ್ಷ ಹೆಚ್ಚಾಯಿತು ಎಂಬ ಉತ್ತರ ಬಂತು.

ಚಕ್ರದ ಲೆಕ್ಕ

ಸರಕು ಕಪಾಟಿನಲ್ಲಿ ಕೂರುವ ದಿನಗಳಿಗೆ, ಮಾರಿದ ಮೇಲೆ ಹಣ ಬರಲು ಹಿಡಿಯುವ ದಿನಗಳನ್ನು ಕೂಡಿಸಿ, ಸರಬರಾಜುದಾರರು ನಮಗೆ ಕೊಡುವ ಉದ್ರಿಯ ದಿನಗಳನ್ನು ಕಳೆದರೆ ನಗದು ಪರಿವರ್ತನಾ ಚಕ್ರ ಸಿಗುತ್ತದೆ. 2023-24ರಲ್ಲಿ ಮಾರಿದ ಸರಕಿನ ವೆಚ್ಚ 450 ಲಕ್ಷ. ವರ್ಷದ ಆರಂಭ ಮತ್ತು ಅಂತ್ಯದ ಸರಾಸರಿಯಂತೆ ದಾಸ್ತಾನು 185 ಲಕ್ಷ, ಬರಬೇಕಾದ ಬಾಕಿ 41 ಲಕ್ಷ, ಕೊಡಬೇಕಾದ ಬಾಕಿ 74 ಲಕ್ಷ.

```
ದಾಸ್ತಾನು ದಿನಗಳು = 185 ÷ 450 × 365 = 150
ವಸೂಲಿ ದಿನಗಳು   =  41 ÷ 600 × 365 =  25
ಪಾವತಿ ದಿನಗಳು   =  74 ÷ 450 × 365 =  60
ನಗದು ಚಕ್ರ      = 150 + 25 - 60   = 115
```

ಸರಕಿಗೆ ಹಾಕಿದ ರೂಪಾಯಿ ಗಲ್ಲಾಪೆಟ್ಟಿಗೆಗೆ ಮರಳಲು ಸರಬರಾಜುದಾರರ ಉದ್ರಿ ಕಳೆದೂ 115 ದಿನ ಬೇಕು. ಅಷ್ಟು ಕಾಲ ಸಿಕ್ಕಿಬಿದ್ದಿರುವ ಹಣ 152 ಲಕ್ಷ. ಅದರಲ್ಲಿ ಹೆಚ್ಚಿನ ಪಾಲು ಶೇ. 11ರ ಬಡ್ಡಿಯ ಬ್ಯಾಂಕ್ ಸಾಲ, ಉಳಿದದ್ದು ಮನೆಯ ದುಡ್ಡು. ಬಡ್ಡಿಗೆ ಆ ವರ್ಷ 11 ಲಕ್ಷ ಹೋಗಿತ್ತು.

ಆದರೆ 115 ಎಂಬ ಒಂದೇ ಅಂಕಿಯಿಂದ ರೋಗ ಎಲ್ಲಿದೆ ಎಂದು ತಿಳಿಯುವುದಿಲ್ಲ. ವಿಭಾಗವಾರು ಬಿಡಿಸಿದಾಗ ಚಿತ್ರ ಬೇರೆಯೇ ಆಯಿತು. ಇಲ್ಲಿ ಒಟ್ಟು ಲಾಭವೆಂದರೆ ಮಾರಾಟದಿಂದ ಸರಕಿನ ವೆಚ್ಚವನ್ನು ಮಾತ್ರ ಕಳೆದು ಉಳಿದದ್ದು; ಇತರ ಖರ್ಚು, ಬಡ್ಡಿ ಇನ್ನೂ ಕಳೆದಿಲ್ಲ.

| ವಿಭಾಗ | ಮಾರಾಟ (ಲಕ್ಷ) | ಒಟ್ಟು ಲಾಭ (ಲಕ್ಷ) | ಸರಾಸರಿ ದಾಸ್ತಾನು (ಲಕ್ಷ) | ದಾಸ್ತಾನು ದಿನಗಳು | ದಾಸ್ತಾನಿನ ಪ್ರತಿ ರೂಪಾಯಿಗೆ ಲಾಭ |
|---|---|---|---|---|---|
| ಮದುವೆ ರೇಷ್ಮೆ | 155 | 50 | 75 | 261 | 67 ಪೈಸೆ |
| ದಿನಬಳಕೆಯ ಸೀರೆ | 155 | 35 | 38 | 116 | 92 ಪೈಸೆ |
| ಗಂಡಸರ ಉಡುಪು | 150 | 40 | 42 | 139 | 95 ಪೈಸೆ |
| ಮಕ್ಕಳ ಉಡುಪು, ಒಳ ಉಡುಪು, ಹೊದಿಕೆ | 103 | 18 | 16 | 69 | 1.12 ರೂ. |
| ಶಾಲಾ ಸಮವಸ್ತ್ರ | 37 | 7 | 14 | 170 | 50 ಪೈಸೆ |

ರೇಷ್ಮೆಯಲ್ಲಿ ನೂರಕ್ಕೆ ಮೂವತ್ತೆರಡು ಸಿಗುತ್ತದೆ ಎಂಬುದು ಅಣ್ಣನ ಹೆಮ್ಮೆಯಾಗಿತ್ತು, ಅದು ಸುಳ್ಳೂ ಅಲ್ಲ. ಆದರೆ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ತಿರುಪ್ಪೂರಿನ ಬನಿಯನ್ನು, ಮಕ್ಕಳ ಚಡ್ಡಿ ಮಾರುವ ವಿಭಾಗ ನೂರಕ್ಕೆ ಹದಿನೇಳೂವರೆ ಮಾತ್ರ ಉಳಿಸಿಕೊಂಡು, ಅದೇ ಒಂದು ರೂಪಾಯಿಯನ್ನು ವರ್ಷಕ್ಕೆ ಐದು ಸಲ ತಿರುಗಿಸುತ್ತಿತ್ತು. ಮದುವೆ ಜವಳಿಗೆ ಬರುವ ಗಿರಾಕಿ ರೇಷ್ಮೆಯ ಆಯ್ಕೆ ನೋಡಿಯೇ ಮೆಟ್ಟಿಲು ಹತ್ತುವುದರಿಂದ ಆ ವಿಭಾಗವನ್ನು ಮುಚ್ಚುವ ಮಾತಿಲ್ಲ. ಎಷ್ಟು ಸೀರೆ ಇಡಬೇಕು, ಯಾರ ದುಡ್ಡಿನಲ್ಲಿ ಇಡಬೇಕು ಎಂಬುದಷ್ಟೇ ಪ್ರಶ್ನೆ.

ವಸೂಲಿಯ 25 ದಿನವೂ ಹೀಗೆಯೇ ಮೋಸದ ಸರಾಸರಿ. ಅಂಗಡಿಯ ಬಹುಪಾಲು ಮಾರಾಟ ನಗದು, ಯುಪಿಐ, ಕಾರ್ಡ್ ಮೂಲಕ ನಡೆಯುತ್ತದೆ. ಹಣ ಅಂದೇ ಅಥವಾ ಮರುದಿನ ಖಾತೆಗೆ ಬರುತ್ತದೆ. 41 ಲಕ್ಷದ ಬಾಕಿಯಲ್ಲಿ 24 ಲಕ್ಷ ಶಾಲೆಗಳದ್ದು. 37 ಲಕ್ಷದ ಸಮವಸ್ತ್ರ ಮಾರಾಟಕ್ಕೆ 24 ಲಕ್ಷ ಬಾಕಿ ಎಂದರೆ ವಸೂಲಿಗೆ 237 ದಿನ. ಜೂನ್‌ನಲ್ಲಿ ಬಟ್ಟೆ ಕೊಟ್ಟರೆ ಜನವರಿ ಕಳೆದ ಮೇಲೆ ಹಣ. ಆ ಬಿಲ್ಲಿನ ಜಿಎಸ್‌ಟಿಯನ್ನು ಮಾತ್ರ ಜುಲೈ 20ರೊಳಗೆ ಕಟ್ಟಿ ಆಗಿರುತ್ತದೆ. ಸಮವಸ್ತ್ರದ ದಾಸ್ತಾನು ಮತ್ತು ಬಾಕಿ ಸೇರಿ 38 ಲಕ್ಷ ಸಿಕ್ಕಿಬಿದ್ದು 7 ಲಕ್ಷದ ಒಟ್ಟು ಲಾಭ ತರುತ್ತಿತ್ತು. ಅದರ ಬಡ್ಡಿಯೇ ನಾಲ್ಕು ಲಕ್ಷದ ಮೇಲೆ.

ಸರಬರಾಜುದಾರರನ್ನು ಕಾಯಿಸಬಹುದೆ?

ಇಲ್ಲಿ ಎಲ್ಲರಿಗೂ ಮೊದಲು ಹೊಳೆಯುವ ಉಪಾಯವೆಂದರೆ ಪಾವತಿ ತಡಮಾಡುವುದು. 60 ದಿನವನ್ನು 90 ಮಾಡಿದರೆ ಚಕ್ರ ಕಾಗದದ ಮೇಲೆ 85ಕ್ಕೆ ಇಳಿಯುತ್ತದೆ. ಅಣ್ಣನ ಸಲಹೆಯೂ ಅದೇ ಆಗಿತ್ತು. ತಮ್ಮ ಎರಡು ಕಾಗದಗಳನ್ನು ಮುಂದಿಟ್ಟ.

ಮೊದಲನೆಯದು ಸೂರತ್ತಿನ ಬಿಲ್ಲು. 70 ದಿನದ ಉದ್ರಿ, ಹತ್ತು ದಿನದೊಳಗೆ ಕೊಟ್ಟರೆ ಶೇ. 4 ರಿಯಾಯಿತಿ. 96 ರೂಪಾಯಿಯನ್ನು ಇನ್ನೂ 60 ದಿನ ಇಟ್ಟುಕೊಳ್ಳಲು 4 ರೂಪಾಯಿ ಬಿಟ್ಟುಕೊಟ್ಟಂತೆ. ವರ್ಷಕ್ಕೆ ಲೆಕ್ಕ ಹಾಕಿದರೆ ಶೇ. 25ಕ್ಕೂ ಹೆಚ್ಚು.

"ಅಣ್ಣ, ಬ್ಯಾಂಕಿನ ಹನ್ನೊಂದು ಪರ್ಸೆಂಟಿಗೆ ಬೈಯುತ್ತೀಯ. ಸೇಠು ಇಪ್ಪತ್ತೈದು ತೆಗೆದುಕೊಳ್ಳುತ್ತಿದ್ದಾನೆ. ಬಿಲ್ಲಿನಲ್ಲಿ ಬಡ್ಡಿ ಎಂದು ಬರೆದಿಲ್ಲ, ಅಷ್ಟೇ."

ಡಿಮಾರ್ಟ್‌ನಂಥ ದೊಡ್ಡ ಸರಣಿ ಸರಬರಾಜುದಾರರಿಗೆ ಬೇಗ ಹಣ ಕೊಡುವುದಕ್ಕೇ ಹೆಸರಾಗಿರುವುದು ಧರ್ಮಕ್ಕಾಗಿ ಅಲ್ಲ. ಬೇಗ ಕೊಡುವವನಿಗೆ ಬೆಲೆ ಇಳಿಯುತ್ತದೆ.

ಎರಡನೆಯದು ಲೆಕ್ಕ ಪರಿಶೋಧಕರ ಪತ್ರ. 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಕಲಂ 2023-24ರ ಲೆಕ್ಕದಿಂದಲೇ ಜಾರಿಗೆ ಬಂದಿತ್ತು. ಉದ್ಯಮ್ ನೋಂದಣಿ ಇರುವ ಅತಿಸಣ್ಣ ಮತ್ತು ಸಣ್ಣ ಉತ್ಪಾದಕರಿಗೆ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲವಾದರೆ 15 ದಿನದೊಳಗೆ ಪಾವತಿ ಆಗಬೇಕು. ಗಡುವು ಮೀರಿ ವರ್ಷಾಂತ್ಯಕ್ಕೆ ಬಾಕಿ ಉಳಿದ ಮೊತ್ತವನ್ನು ಆ ವರ್ಷದ ವೆಚ್ಚವೆಂದು ತೋರಿಸುವಂತಿಲ್ಲ. ಹಣ ಕೊಟ್ಟ ವರ್ಷದಲ್ಲಷ್ಟೇ ಕಳೆಯಬಹುದು. ಅಂಗಡಿಯಿಂದ ನೇಕಾರ ಘಟಕಗಳಿಗೆ ಹೀಗೆ 12 ಲಕ್ಷ ಉಳಿದಿತ್ತು. ಪಾಲುದಾರಿಕೆ ಸಂಸ್ಥೆಯ ಶೇ. 31.2 ದರದಲ್ಲಿ ಆ ವರ್ಷ 3.74 ಲಕ್ಷ ಹೆಚ್ಚುವರಿ ತೆರಿಗೆ. ಸಗಟು ವ್ಯಾಪಾರಿಗಳ ಬಾಕಿಗೆ ಈ ಕಲಂ ಅನ್ವಯಿಸುವುದಿಲ್ಲ. ಹಾಗಾಗಿ ಬಾಕಿ ಪಟ್ಟಿಯಲ್ಲಿ ನೇಯುವವರು ಯಾರು, ಮಾರುವವರು ಯಾರು ಎಂದು ಬೇರೆ ಮಾಡಿಡುವುದು ಆ ದಿನದಿಂದ ಶುರುವಾಯಿತು.

2024-25ರಲ್ಲಿ ಏನು ಮಾಡಿದರು

ಜಗಳವಾದದ್ದು ಹಳೆಯ ಸರಕಿನ ಮೇಲೆ. ಕೊಂಡ ಬೆಲೆಗಿಂತ ಕಡಿಮೆಗೆ ಮಾರುವುದು ಅಣ್ಣನ ಪಾಲಿಗೆ ಅವಮಾನ. ಕೊನೆಗೆ ಒಪ್ಪಿದ್ದು, ಲೆಕ್ಕದ ನಿಯಮದ ಪ್ರಕಾರವೂ ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ಬರುವ ಬೆಲೆ, ಇವೆರಡರಲ್ಲಿ ಕಡಿಮೆಯದರಲ್ಲೇ ತೋರಿಸಬೇಕು ಎಂದು ತಿಳಿದ ಮೇಲೆ. ನಷ್ಟ ಆಗಲೇ ಆಗಿಹೋಗಿತ್ತು, ಪುಸ್ತಕಕ್ಕೆ ಬಂದಿರಲಿಲ್ಲ. ಆಷಾಢದ ರಿಯಾಯಿತಿ ಮಾರಾಟದಲ್ಲಿ 29 ಲಕ್ಷದ ಹಳೆಯ ಮಾಲು 22 ಲಕ್ಷಕ್ಕೆ ಹೋಯಿತು.

ರೇಷ್ಮೆಯನ್ನು ವರ್ಷಕ್ಕೆ ಎರಡು ದೊಡ್ಡ ಖರೀದಿಯ ಬದಲು ನಾಲ್ಕು ಸಣ್ಣ ಖರೀದಿಗಳಲ್ಲಿ ತಂದರು. ದುಬಾರಿ ಸೀರೆಗಳನ್ನು ಮಾರಿದರೆ ಹಣ, ಉಳಿದರೆ ವಾಪಸು ಎಂಬ ಕರಾರಿನ ಮೇಲೆ ಇಟ್ಟುಕೊಂಡರು. ಇಂಥ ಸರಕಿಗೆ ಜಿಎಸ್‌ಟಿಯಲ್ಲಿ ಆರು ತಿಂಗಳ ಗಡುವಿದೆ. ಅದರೊಳಗೆ ಮಾರಾಟವಾಗದಿದ್ದರೂ ಬಿಲ್ಲು ಆಗಲೇಬೇಕು. ಹಾಗಾಗಿ ಐದನೆಯ ತಿಂಗಳಿಗೇ ವಾಪಸಾತಿ ಶುರು. ಸಮವಸ್ತ್ರಕ್ಕೆ ಶೇ. 40 ಮುಂಗಡ ಕೇಳಿದಾಗ ಎರಡು ಶಾಲೆಗಳು ಬೇರೆ ಅಂಗಡಿಗೆ ಹೋದವು. ಸಮವಸ್ತ್ರದ ಮಾರಾಟ 22 ಲಕ್ಷಕ್ಕೆ ಇಳಿಯಿತು. ಸೂರತ್ತಿನ ರಿಯಾಯಿತಿಯನ್ನು ಹಣವಿದ್ದ ತಿಂಗಳುಗಳಲ್ಲಿ ಬಿಡಲಿಲ್ಲ.

ವರ್ಷದ ಕೊನೆಗೆ ಮಾರಾಟ 630 ಲಕ್ಷ, ಸರಕಿನ ವೆಚ್ಚ 482 ಲಕ್ಷ. ದಾಸ್ತಾನು 200ರಿಂದ 140 ಲಕ್ಷಕ್ಕೆ, ಬರಬೇಕಾದ ಬಾಕಿ 46ರಿಂದ 20ಕ್ಕೆ, ಕೊಡಬೇಕಾದ ಬಾಕಿ 78ರಿಂದ 62ಕ್ಕೆ ಇಳಿಯಿತು. ಸಿಕ್ಕಿಬಿದ್ದ ಹಣ 168ರಿಂದ 98 ಲಕ್ಷಕ್ಕೆ ಬಂತು. ಬ್ಯಾಂಕ್ ಸಾಲ 41 ಲಕ್ಷಕ್ಕೆ ಇಳಿದು, ಕೇಳಿದ್ದ ಹೆಚ್ಚುವರಿ ಮಿತಿಯ ಮಾತೇ ಬರಲಿಲ್ಲ. ವರ್ಷಾಂತ್ಯದ ಅಂಕಿಗಳ ಮೇಲೆ ಲೆಕ್ಕ ಹಾಕಿದರೆ ಚಕ್ರ 127 ದಿನದಿಂದ 71ಕ್ಕೆ ಇಳಿದಿದೆ, ಸರಾಸರಿಯ ಮೇಲಾದರೆ 115ರಿಂದ 95ಕ್ಕೆ. ಪಾವತಿ ದಿನಗಳು ಕಡಿಮೆಯಾಗಿಯೂ ಚಕ್ರ ಕಿರಿದಾಯಿತು ಎಂಬುದನ್ನು ಗಮನಿಸಬೇಕು. ಬಂದ ಹಣವೆಲ್ಲ ಕಪಾಟಿನಿಂದ ಮತ್ತು ಶಾಲೆಗಳಿಂದ ಬಂದದ್ದು, ನೇಕಾರರ ಜೇಬಿನಿಂದಲ್ಲ.

ಆದರೆ 56 ದಿನಗಳ ಈ ಇಳಿಕೆಯಲ್ಲಿ ಪಂಚಾಂಗದ ಪಾಲೂ ಇದೆ. 2024ರಲ್ಲಿ ಯುಗಾದಿ ಏಪ್ರಿಲ್ 9ರಂದು ಬಂದಿತ್ತು. ಮಾರ್ಚ್ 31ಕ್ಕೆ ಹಬ್ಬದ ಸರಕು ಪೂರ್ತಿ ಕಪಾಟಿನಲ್ಲಿತ್ತು. 2025ರಲ್ಲಿ ಮಾರ್ಚ್ 30ಕ್ಕೇ ಹಬ್ಬ ಮುಗಿದು ಸರಕು ಖಾಲಿಯಾಗಿತ್ತು. ಎರಡೂ ವರ್ಷ ಹಬ್ಬ ಕಳೆದ ಮೇಲಿನ ಏಪ್ರಿಲ್ 30ರ ದಾಸ್ತಾನು ಹೋಲಿಸಿದರೆ 181 ಲಕ್ಷದಿಂದ 146ಕ್ಕೆ ಇಳಿದಿದೆ. ನಿಜವಾದ ಸುಧಾರಣೆ 60 ಲಕ್ಷವಲ್ಲ, 35 ಲಕ್ಷದ ಆಸುಪಾಸು. ಜವಳಿ ಅಂಗಡಿಯ ಚಕ್ರವನ್ನು ಮಾರ್ಚ್ 31ರ ಒಂದೇ ದಿನದ ಅಂಕಿಯಿಂದ ಅಳೆಯುವವರು ಈ ಬಲೆಗೆ ಬೀಳುತ್ತಾರೆ.

ಇನ್ನೊಂದು ವಿಷಯ. ಒಟ್ಟು ಲಾಭ 150ರಿಂದ 148 ಲಕ್ಷಕ್ಕೆ ಇಳಿಯಿತು, ಇತರ ಖರ್ಚು 118ರಿಂದ 122ಕ್ಕೆ ಏರಿತು, ಬಡ್ಡಿ 11ರಿಂದ 7ಕ್ಕೆ ಇಳಿಯಿತು. ತೆರಿಗೆಗೆ ಮುಂಚಿನ ಲಾಭ 19 ಲಕ್ಷ, ಹಿಂದಿನ ವರ್ಷಕ್ಕಿಂತ 2 ಲಕ್ಷ ಕಡಿಮೆ. "ಇಷ್ಟೆಲ್ಲ ಮಾಡಿ ಲಾಭ ಇಳಿಸಿಕೊಂಡೆವಲ್ಲ" ಎಂದ ಅಣ್ಣನ ಮಾತಿಗೆ ತಮ್ಮ ಆಷಾಢದ 7 ಲಕ್ಷದ ನಷ್ಟವನ್ನು ತೋರಿಸಿದ. ಅಣ್ಣನಿಗೆ ಅದು ಪೂರ್ತಿ ಒಪ್ಪಿಗೆಯಾಗಿಲ್ಲ.

ಚರ್ಚೆಗೆ

1. ಆಷಾಢದ ನಷ್ಟವನ್ನು ಯಾವ ವರ್ಷದ ಖಾತೆಗೆ ಹಾಕುವುದು ನ್ಯಾಯ? 2023-24ರ ದಾಸ್ತಾನು ಮೌಲ್ಯವನ್ನು ಆಗಲೇ ಸರಿಪಡಿಸಿದ್ದರೆ ಎರಡೂ ವರ್ಷಗಳ ಲಾಭ ಎಷ್ಟಿರುತ್ತಿತ್ತು?

2. ಸೂರತ್ತಿನ ಸೇಠು ರಿಯಾಯಿತಿಯನ್ನು ಶೇ. 1.5ಕ್ಕೆ ಇಳಿಸಿದರೆ, ಬ್ಯಾಂಕ್ ಸಾಲ ತೆಗೆದು ಹತ್ತು ದಿನದೊಳಗೆ ಕೊಡುವುದು ಆಗಲೂ ಲಾಭಕರವೆ?

3. ಬಿಟ್ಟುಹೋದ ಒಂದು ಶಾಲೆ ಮರಳಿ ಬಂದಿದೆ: 9 ಲಕ್ಷದ ಸಮವಸ್ತ್ರ, ಮುಂಗಡವಿಲ್ಲ, 90 ದಿನದ ಲಿಖಿತ ಉದ್ರಿ, ಮಕ್ಕಳ ತಂದೆತಾಯಿಯರಿಗೆ ಅಂಗಡಿಯ ಹೆಸರನ್ನು ಶಿಫಾರಸು ಮಾಡುವ ಭರವಸೆ. ಸಮವಸ್ತ್ರದ ಒಟ್ಟು ಲಾಭ ಶೇ. 19. ತಮ್ಮನ ಜಾಗದಲ್ಲಿ ನೀವಿದ್ದರೆ ಯಾವ ಷರತ್ತಿನ ಮೇಲೆ ಒಪ್ಪುತ್ತೀರಿ?