ಈ ವಾರದ ಅಭ್ಯಾಸ: ನಮ್ಮದೇ ನಾಲ್ಕು ಆಟಗಳು

ಗೆಳೆಯರೇ,

ಭಾನುವಾರದ ಚೆಸ್ ಪಂದ್ಯವನ್ನು 1.5–2.5ರಿಂದ ಸೋತೆವು. ನಾಲ್ಕೂ ಸ್ಕೋರ್ ಶೀಟ್‌ಗಳನ್ನು ರಾತ್ರಿ ಕುಳಿತು ನೋಡಿದೆ. ಓಪನಿಂಗ್‌ನಲ್ಲಿ ಯಾರೂ ಎಡವಿಲ್ಲ. ಮೂರು ಬೋರ್ಡ್‌ಗಳಲ್ಲಿ ಆಟ ಕೈತಪ್ಪಿದ್ದು 25ನೇ ನಡೆಯಾದ ಮೇಲೆ. ಆದ್ದರಿಂದ ಈ ವಾರ ಹೊಸ ಓಪನಿಂಗ್ ಬೇಡ.

ಸೋಮವಾರ: ನಿಮ್ಮ ಆಟವನ್ನು ನೀವೊಬ್ಬರೇ, ನಿಜವಾದ ಬೋರ್ಡಿನ ಮೇಲೆ ಆಡಿ ನೋಡಿ. ಎಂಜಿನ್ ಮುಟ್ಟಬೇಡಿ. ಐದು ನಿಮಿಷಕ್ಕಿಂತ ಹೆಚ್ಚು ಯೋಚಿಸಿದ ನಡೆಗಳಿಗೂ ಯೋಚಿಸದೆ ಆಡಿದ ನಡೆಗಳಿಗೂ ಗುರುತು ಹಾಕಿ, ಆಗ ತಲೆಯಲ್ಲಿದ್ದುದನ್ನು ಪಕ್ಕದಲ್ಲಿ ಬರೆಯಿರಿ. ಇದನ್ನು ಮುಂದೂಡಬೇಡಿ, ಎರಡು ದಿನ ಕಳೆದರೆ ನೆನಪಿನ ಜಾಗದಲ್ಲಿ ಸಮರ್ಥನೆ ಬಂದು ಕೂರುತ್ತದೆ.

ನನ್ನದನ್ನೇ ಹೇಳುತ್ತೇನೆ. 31ನೇ ನಡೆಯಲ್ಲಿ ಆನೆಗಳನ್ನು ಬದಲಾಯಿಸಿಕೊಂಡೆ. ರಾಜ, ಪೇದೆಗಳಷ್ಟೇ ಉಳಿದರೆ ಡ್ರಾ ಎಂದು ಲೆಕ್ಕ ಹಾಕದೆಯೇ ನಂಬಿದ್ದೆ. ನಾಲ್ಕು ನಡೆಗಳ ನಂತರ ಎದುರಾಳಿಯ ರಾಜ ನನ್ನ ರಾಜನೆದುರು ಒಂದು ಮನೆ ಬಿಟ್ಟು ನಿಂತ. ನಡೆಯುವ ಸರದಿ ನನ್ನದು, ದಾರಿ ಬಿಡದೆ ಗತ್ಯಂತರವಿರಲಿಲ್ಲ. ಆ ಪುಟದಲ್ಲಿ ನಾನು ಬರೆದದ್ದು: ‘ಸಮಯ ಕಡಿಮೆ ಇತ್ತು, ಆಟ ಸರಳವಾದರೆ ಸಾಕೆನಿಸಿತು.’ ನನ್ನ ತಪ್ಪು ಇರುವುದು ಆ ಆತುರದಲ್ಲಿ.

ಮಂಗಳವಾರ ಬಿಡುವು.

ಬುಧವಾರ: ಒಂದನೇ ಬೋರ್ಡ್ ನಾಲ್ಕನೆಯದರ ಜೊತೆ, ಎರಡನೆಯದು ಮೂರನೆಯದರ ಜೊತೆ. ಗುರುತಿರುವ ಪ್ರತಿ ನಡೆಯಲ್ಲೂ ಜೊತೆಗಾರರು ಕೇಳಬೇಕಾದದ್ದು ಎರಡೇ: ಬೇರೆ ಯಾವ ನಡೆಗಳನ್ನು ನೋಡಿದಿರಿ? ಎದುರಾಳಿ ಏನು ಆಡುತ್ತಾರೆಂದು ಭಾವಿಸಿದ್ದಿರಿ?

ಶುಕ್ರವಾರ ಸಂಜೆ 6ರಿಂದ 8, ಎಲ್ಲರೂ. ಒಂದು ಆಟಕ್ಕೆ ಅರ್ಧ ಗಂಟೆ. ಗೆದ್ದ ನಾಲ್ಕನೇ ಬೋರ್ಡ್‌ನಿಂದಲೇ ಆರಂಭ, ಏಕೆಂದರೆ ಗೆದ್ದ ಆಟದ ತಪ್ಪುಗಳನ್ನು ಯಾರೂ ಹುಡುಕುವುದಿಲ್ಲ. ಮೊದಲ ಹತ್ತು ನಿಮಿಷ ಆಡಿದವರು ಮಾತ್ರ ಮಾತನಾಡಲಿ. ‘ಅಯ್ಯೋ, ಕುದುರೆ ಹೊಡೆಯಬಹುದಿತ್ತಲ್ಲ!’ ಎಂದು ನಡುವೆ ಕೂಗುವುದು ಬೇಡ. ಅದನ್ನು ಕೇಳಿದವರು ಮುಂದಿನ ವಾರ ಬಾಯಿ ಬಿಡುವುದಿಲ್ಲ. ವಿಶ್ವ ಚಾಂಪಿಯನ್ ಬೋಟ್ವಿನ್ನಿಕ್ ಅವರು ತಮ್ಮ ಆಟಗಳ ವಿಶ್ಲೇಷಣೆಯನ್ನು ಪ್ರಕಟಿಸಿ, ಇತರರ ಟೀಕೆಗೆ ಒಡ್ಡಬೇಕೆಂದು ಹೇಳುತ್ತಿದ್ದರು. ನಮಗೆ ಆ ಟೀಕೆ ಈ ಮೇಜಿನ ಸುತ್ತಲೇ ಸಿಗಲಿ.

ಶನಿವಾರ ಎಂಜಿನ್ ತೆರೆಯಿರಿ. ನಮ್ಮ ತೀರ್ಮಾನಕ್ಕೂ ಅದರ ಅಂಕಕ್ಕೂ ಒಂದು ಪೇದೆಗಿಂತ ಹೆಚ್ಚು ಅಂತರವಿರುವ ಕಡೆ ಮಾತ್ರ ನಿಲ್ಲಿ. ಅದು ಹೇಳಿದ್ದಕ್ಕೆ ಕಾರಣವನ್ನು ನಿಮ್ಮ ಮಾತಿನಲ್ಲಿ ಬರೆಯಲಾಗದಿದ್ದರೆ ಆ ನಡೆಯನ್ನು ಬಿಟ್ಟುಬಿಡಿ.

ಭಾನುವಾರ ಬೆಳಿಗ್ಗೆ ಮೂರನೇ ಬೋರ್ಡ್‌ನ ಅಂತ್ಯದಾಟ. ನಾವು ಒಂದು ಪೇದೆ ಮುಂದಿದ್ದರೂ ಎದುರಾಳಿ ಫಿಲಿಡೋರ್ ರಕ್ಷಣೆಯಿಂದ ಡ್ರಾ ಮಾಡಿಕೊಂಡರು: ಪೇದೆ ಮುಂದೆ ಬರುವವರೆಗೆ ಆನೆ ಅಡ್ಡಸಾಲು ಕಾಯಿತು, ಬಂದೊಡನೆ ಹಿಂದಕ್ಕೆ ಹೋಗಿ ಶಹ ಕೊಡುತ್ತಲೇ ಇತ್ತು. ತಲಾ ಹತ್ತು ನಿಮಿಷದ ಗಡಿಯಾರವಿಟ್ಟು ಎರಡೂ ಕಡೆಯಿಂದ ಆಡೋಣ.

ಎರಡನೇ ಬೋರ್ಡ್‌ನವರೇ, ನಿಮ್ಮ ಶೀಟ್‌ನಲ್ಲಿ 33ರಿಂದ 36ರವರೆಗಿನ ನಡೆಗಳು ಓದಲಾಗುತ್ತಿಲ್ಲ. ನೆನಪಿರುವಾಗಲೇ ಬರೆದು ಇಂದು ರಾತ್ರಿ ಕಳುಹಿಸಿ.

ನಿಮ್ಮ ನಾಯಕ