ನಿಮ್ಮ ಮಗಳ ರಕ್ತದ ರಿಪೋರ್ಟ್ ಬಗ್ಗೆ

ಮಂಜುನಾಥ್ ಅವರೇ,

ಮೊನ್ನೆ ಹೊರಡುವಾಗ "ಬ್ಲಡ್ ಕ್ಯಾನ್ಸರ್ ಅಲ್ಲ ತಾನೇ ಡಾಕ್ಟ್ರೇ?" ಅಂತ ಕೇಳಿದಿರಿ. ಅಲ್ಲ. ಸ್ಲೈಡನ್ನು ನಾನೇ ನೋಡಿದೆ. ಕೆಂಪು ಕಣಗಳು ಚಿಕ್ಕದಾಗಿ, ನಡುವೆ ಬಿಳಿಚಿಕೊಂಡಿವೆ. ಬಿಳಿ ಕಣ, ಪ್ಲೇಟ್‌ಲೆಟ್ ಸರಿಯಾಗಿವೆ. ಹಿಮೋಗ್ಲೋಬಿನ್ 8.2, ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಬರೀ 6. ಇದು ಕಬ್ಬಿಣಾಂಶದ ಕೊರತೆ.

ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಒಂದು ಲೀಟರ್ ಹಾಲು ಜಾಸ್ತಿಯಾಯ್ತು. ಹಾಲಲ್ಲಿ ಕಬ್ಬಿಣ ತೀರಾ ಕಮ್ಮಿ, ಹೊಟ್ಟೆ ತುಂಬಿ ಊಟವೂ ಸೇರಲ್ಲ. ಎರಡು ಲೋಟಕ್ಕೆ ಇಳಿಸಿ. ಗೋಡೆಯ ಸುಣ್ಣ ಕೆರೆದು ತಿನ್ನುವುದೂ ಈ ಕೊರತೆಯಿಂದಲೇ ಇರಬೇಕು, ಸುಮ್ನೆ ಬೈಯಬೇಡಿ.

ಕಬ್ಬಿಣದ ಸಿರಪ್ ಬೆಳಿಗ್ಗೆ ಒಂದೇ ಸಲ, ಚೀಟಿಯಲ್ಲಿ ಬರೆದಷ್ಟೇ, ನಿಂಬೆ ಪಾನಕದ ಜೊತೆ. ಹಾಲಿನ ಜೊತೆ ಬೇಡ. ಮಲ ಕಪ್ಪಾಗುತ್ತದೆ, ಗಾಬರಿಯಾಗಬೇಡಿ. ಬಾಟಲಿ ಅವಳ ಕೈಗೆ ಸಿಗದಂತೆ ಇಡಿ, ಜಾಸ್ತಿ ಕುಡಿದರೆ ಅಪಾಯ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಮೂರು ತಿಂಗಳು ಕೊಡಬೇಕು.

ನಾಲ್ಕು ವಾರ ಬಿಟ್ಟು ಕರೆದುಕೊಂಡು ಬನ್ನಿ.

ಇಂತಿ,
ನಿಮ್ಮ ಡಾಕ್ಟರ್
ರಕ್ತರೋಗ ವಿಭಾಗ