ಕಾರ್ತಿಕ್, ನಿನ್ನ ಮೆಸೇಜ್‌ಗೆ ಉತ್ತರ

ಕಾರ್ತಿಕ್,

ಬೇರೆ ಆಗೋಣ ಅಂತ ನೀನು ಬರೆದ ಆರು ಸಾಲಿನ ಮೆಸೇಜ್ ನಿನ್ನೆ ರಾತ್ರಿನೇ ಓದಿದೆ. "ಓದಿದೆ, ನಾಳೆ ಬರೀತೀನಿ" ಅಂತಷ್ಟೇ ಕಳಿಸಿ ಫೋನ್ ಪಕ್ಕಕ್ಕಿಟ್ಟೆ. ಆ ಹೊತ್ತಲ್ಲಿ ಏನು ಬರೆದಿದ್ದರೂ ಬೆಳಿಗ್ಗೆ ಅಳಿಸಬೇಕು ಅನ್ನಿಸ್ತಿತ್ತು.

ನಿನ್ನ ತೀರ್ಮಾನ ಅರ್ಥ ಆಯ್ತು, ಒಪ್ಪಿಕೊಂಡಿದ್ದೀನಿ. ಮತ್ತೊಮ್ಮೆ ಯೋಚನೆ ಮಾಡು ಅಂತ ಕೇಳ್ತಾ ಇಲ್ಲ. ಕಾರಣ ಬಿಡಿಸಿ ಹೇಳು ಅಂತಲೂ ಕೇಳಲ್ಲ, ಹೇಳಬೇಕು ಅನ್ನಿಸಿದ್ದರೆ ನೀನು ಆ ಆರು ಸಾಲಲ್ಲೇ ಹೇಳಿರ್ತಿದ್ದೆ.

ಒಂದು ಮಾತು ಮಾತ್ರ. ಮೂರು ವರ್ಷ ಜೊತೆಗಿದ್ದು, ಅದರಲ್ಲಿ ಹದಿನಾಲ್ಕು ತಿಂಗಳು ಒಂದೇ ಮನೇಲಿದ್ದು, ಇದನ್ನ ಮೆಸೇಜ್‌ನಲ್ಲಿ ಹೇಳಿದ್ದು ನನಗೆ ಸರಿ ಕಾಣಲಿಲ್ಲ. ನೋವಾಗಿದೆ. ಒಂದು ಫೋನ್ ಆದರೂ ಮಾಡಬಹುದಿತ್ತು. ಇದಕ್ಕೆ ನೀನು ಸಮಜಾಯಿಷಿ ಕೊಡಬೇಕಾಗಿಲ್ಲ, ನಾನೂ ಇದನ್ನ ಇನ್ನೊಂದು ಸಲ ಎತ್ತಲ್ಲ.

ಕೊನೇಲಿ "ಮುಂದೆ ನೋಡೋಣ, ಫ್ರೆಂಡ್ಸ್ ಆಗಿರೋಣ" ಅಂತ ಬರೆದಿದ್ದೀಯ. ನಾನು ಮುಗೀತು ಅಂತಲೇ ತಗೊಂಡಿದ್ದೀನಿ, ಅದರ ಪ್ರಕಾರವೇ ಕೆಳಗಿನದನ್ನೆಲ್ಲ ಬರೆದಿದ್ದೀನಿ. ಸ್ನೇಹ ಈಗ ನನ್ನ ಕೈಲಾಗಲ್ಲ. ಮುಂದೆ ಆಗುತ್ತೆ ಅಂತ ಮಾತು ಕೊಡೋದೂ ಇಲ್ಲ.

ಮಿಕ್ಕಿದ್ದೆಲ್ಲ ವ್ಯವಹಾರ. ಉದ್ದ ಇದೆ. ದಿನಕ್ಕೊಂದರಂತೆ ಮೆಸೇಜ್ ಕಳಿಸಿದರೆ ಪ್ರತಿ ಸಲವೂ ಇಬ್ಬರಿಗೂ ಹಿಂಸೆ, ಅದಕ್ಕೇ ಒಂದೇ ಸಲಕ್ಕೆ ಬರೀತಿದ್ದೀನಿ.

ಮೊದಲು ಮನೆ. ನಾನು ಇಲ್ಲೇ ಇರ್ತೀನಿ, ಬಾಡಿಗೆ ಮುಂದಿನ ತಿಂಗಳಿಂದ ಪೂರ್ತಿ ನನ್ನದು. ಆದರೆ ಅಗ್ರಿಮೆಂಟ್ ಇಬ್ಬರ ಹೆಸರಲ್ಲಿದೆ. ನೀನು ಸಾಮಾನು ತಗೊಂಡು ಹೋದ ಮಾತ್ರಕ್ಕೆ ನಿನ್ನ ಹೆಸರು ಅದರಿಂದ ಹೋಗಲ್ಲ. ನಾನು ಬಾಡಿಗೆ ತಡ ಮಾಡಿದರೂ, ಮನೇಲಿ ಏನಾದರೂ ಹಾಳಾದರೂ ಓನರ್ ನಿನ್ನನ್ನೂ ಕೇಳಬಹುದು. ನಾಳೆ ನಾನು ಮನೆ ಬಿಡೋವಾಗ ಡೆಪಾಸಿಟ್ ವಾಪಸ್ ತಗೊಳ್ಳೋಕೆ ನಿನ್ನ ಸಹಿಗೆ ಕಾಯಬೇಕಾಗುತ್ತೆ. ಎರಡೂ ಬೇಡ. ಇವತ್ತು ಬೆಳಿಗ್ಗೆ ಓನರ್ ಹತ್ತಿರ ಮಾತಾಡಿದೆ. ಒಂದು ಪತ್ರ ಸಾಕಂತೆ: ನೀನು ಈ ತಿಂಗಳ 31ಕ್ಕೆ ಮನೆ ಬಿಡ್ತಿದ್ದೀಯ, ಡೆಪಾಸಿಟ್‌ನಲ್ಲಿ ನಿನ್ನ ಪಾಲು ನನ್ನಿಂದ ಬಂದಿದೆ, ಓನರ್‌ನಿಂದ ಇನ್ನೇನೂ ಬರಬೇಕಾಗಿಲ್ಲ ಅಂತ. ಅದಾದ ಮೇಲೆ ನನ್ನೊಬ್ಬಳ ಹೆಸರಲ್ಲಿ ಹೊಸ ಅಗ್ರಿಮೆಂಟ್ ಮಾಡಿಕೊಡ್ತಾರೆ.

ಡೆಪಾಸಿಟ್ ಇಬ್ಬರೂ ಅರ್ಧರ್ಧ ಹಾಕಿದ್ದು. ನಿನ್ನ ಅರ್ಧ ನಾನು ಶುಕ್ರವಾರ ನಿನ್ನ ಖಾತೆಗೆ ಹಾಕ್ತೀನಿ, ಪತ್ರಕ್ಕೆ ಸಹಿ ಹಾಕೋಕೆ ಮುಂಚೆ. ದುಡ್ಡು ಬರದೇ "ಬಂತು" ಅಂತ ಬರೆದುಕೊಡೋದು ಬೇಡ. ಗೋಡೆಗೆ ಶೆಲ್ಫ್ ಹೊಡೆಯೋವಾಗ ಆದ ನಾಲ್ಕು ತೂತು, ಬಚ್ಚಲ ಬಾಗಿಲ ಚಿಲಕ, ಇವಕ್ಕೆ ಏನೂ ಮುರಕೊಂಡಿಲ್ಲ. ಇಲ್ಲಿರೋಳು ನಾನು, ರಿಪೇರಿ ನನ್ನದು. ಈ ತಿಂಗಳ ಕರೆಂಟ್ ಬಿಲ್ ಮಾತ್ರ ಅರ್ಧ ನಿನ್ನದು. 31ರ ಬೆಳಿಗ್ಗೆ ಮೀಟರ್ ರೀಡಿಂಗ್ ಫೋಟೋ ತೆಗೆದು ಕಳಿಸ್ತೀನಿ.

ಜಾಯಿಂಟ್ ಖಾತೆ ತಕ್ಷಣ ಮುಚ್ಚಬೇಕು ಅಂತ ಬರೆದಿದ್ದೀಯ. ಮುಚ್ಚೋಣ, ಆದರೆ ಈ ವಾರ ಅಲ್ಲ. ಅದರಿಂದ ತಾನಾಗೇ ಕಡಿತ ಆಗೋದು ಐದಿದೆ: ಬಾಡಿಗೆ, ಕರೆಂಟ್, ಇಂಟರ್‌ನೆಟ್, ನಿನ್ನ ವಿಮೆ ಕಂತು, ಫ್ರಿಜ್ ಸಾಲದ ಕಂತು. ಮೊದಲು ಖಾತೆ ಮುಚ್ಚಿದರೆ ಕಂತು ಬೌನ್ಸ್ ಆಗುತ್ತೆ, ದಂಡ ಬೀಳುತ್ತೆ, ಫ್ರಿಜ್ ಸಾಲ ನಿನ್ನ ಹೆಸರಲ್ಲಿರೋದರಿಂದ ಪೆಟ್ಟು ನಿನ್ನ ಕ್ರೆಡಿಟ್ ಸ್ಕೋರ್‌ಗೆ. ಮೊದಲ ಮೂರನ್ನ ಈ ವಾರ ನನ್ನ ಖಾತೆಗೆ ಬದಲಾಯಿಸ್ತೀನಿ, ಕೊನೆ ಎರಡನ್ನ ನೀನು ನಿನ್ನದಕ್ಕೆ ಬದಲಾಯಿಸು. ಆಮೇಲೆ ಒಂದು ಪೂರ್ತಿ ತಿಂಗಳು ಕಾಯೋಣ. ಬದಲಾಯಿಸಿದ್ದೀವಿ ಅಂದುಕೊಂಡ ಕಡಿತ ಹಳೇ ಖಾತೆಯಿಂದಲೇ ಹೋಗೋದು ಅಪರೂಪವೇನಲ್ಲ. ಆ ತಿಂಗಳು ಏನೂ ಹೋಗಲಿಲ್ಲ ಅಂತಾದರೆ ಉಳಿದದ್ದನ್ನ ಅರ್ಧ ಮಾಡಿಕೊಂಡು, ಫಾರಂಗೆ ಇಬ್ಬರೂ ಸಹಿ ಹಾಕಿ ಮುಚ್ಚೋಣ. ಅಲ್ಲೀವರೆಗೆ ಇಬ್ಬರೂ ಅದರಿಂದ ಬೇರೆ ದುಡ್ಡು ತೆಗೆಯೋದು ಬೇಡ.

ಫ್ರಿಜ್ ಇಲ್ಲೇ ಇರುತ್ತೆ, ಹಾಗಾಗಿ ಉಳಿದ ಮೂರು ಕಂತಿನ ದುಡ್ಡನ್ನೂ ಡೆಪಾಸಿಟ್ ಜೊತೆಗೇ ಹಾಕ್ತೀನಿ. ಸೋಫಾ ನಿನ್ನದು. ಬೇಕಿದ್ದರೆ ತಗೊಂಡು ಹೋಗು, ಆದರೆ ಅದು ಲಿಫ್ಟ್‌ನಲ್ಲಿ ಹಿಡಿಸಲ್ಲ ಅಂತ ನಿನಗೇ ಗೊತ್ತು, ಇಬ್ಬರನ್ನ ಕರಕೊಂಡು ಬಾ.

ಮುಂದಿನ ತಿಂಗಳ ಟಿಕೆಟ್ ಎರಡನ್ನೂ ನಾಳೆ ಸಂಜೆ ಕ್ಯಾನ್ಸಲ್ ಮಾಡ್ತೀನಿ. ದಿನ ಹತ್ತಿರ ಆದಷ್ಟೂ ಕಡಿತ ಜಾಸ್ತಿ. ರೀಫಂಡ್ ನನ್ನ ಕಾರ್ಡಿಗೆ ಬರುತ್ತೆ, ಬಂದ ದಿನ ನಿನ್ನರ್ಧ ಕಳಿಸ್ತೀನಿ.

ಫೋಟೋ ವಿಷಯ ಸ್ವಲ್ಪ ನಿಧಾನವಾಗಿ ಓದು, ಇಲ್ಲಿ ಒಂದು ಸಲ ತಪ್ಪಿದರೆ ಸರಿ ಮಾಡೋಕಾಗಲ್ಲ. ಶೇರ್ಡ್ ಆಲ್ಬಂ ನನ್ನ ಅಕೌಂಟ್‌ನಲ್ಲಿದೆ. ನಾನು ಅಳಿಸಿದರೆ ನಿನ್ನ ಫೋನ್‌ನಲ್ಲೂ ಅದು ಕಾಣಲ್ಲ. ಆಲ್ಬಂ ತೆರೆದು ನೋಡಿದ್ದು, ಲಿಂಕ್ ಉಳಿಸಿಕೊಂಡಿದ್ದು ಲೆಕ್ಕಕ್ಕಿಲ್ಲ; ಬೇಕಾದ್ದನ್ನ ನಿನ್ನ ಫೋನ್‌ಗೋ ಹಾರ್ಡ್ ಡಿಸ್ಕ್‌ಗೋ ಡೌನ್‌ಲೋಡ್ ಮಾಡಿಕೋ. ನಿನ್ನ ತಂಗಿ ಮದುವೆಯ ಫೋಟೋಗಳೂ ಅದರಲ್ಲೇ ಇವೆ, ಅವು ಬೇರೆಲ್ಲೂ ಇಲ್ಲ ಅನ್ನಿಸುತ್ತೆ. 31ರ ರಾತ್ರಿವರೆಗೆ ಆಲ್ಬಂ ಇರುತ್ತೆ. ಆಮೇಲೆ ಅಳಿಸ್ತೀನಿ, ಮತ್ತೆ ನೆನಪಿಸಲ್ಲ.

ನಮ್ಮಿಬ್ಬರ ಖಾಸಗಿ ಫೋಟೋಗಳನ್ನ ನಾನು ಇವತ್ತೇ ಅಳಿಸಿದ್ದೀನಿ. ನೀನೂ ಅಳಿಸಬೇಕು ಅಂತ ಕೇಳ್ತಿದ್ದೀನಿ. ಗ್ಯಾಲರಿಯಿಂದ ತೆಗೆದರೆ ಸಾಲದು. ಟ್ರ್ಯಾಶ್ ಫೋಲ್ಡರ್‌ನಲ್ಲಿ ವಾರಗಟ್ಟಲೆ ಉಳಿದಿರ್ತವೆ, ಅದನ್ನೂ ಖಾಲಿ ಮಾಡು. ಕ್ಲೌಡ್ ಬ್ಯಾಕಪ್ ನೋಡು, ಹಳೇ ಫೋನ್ ನೋಡು, ಚಾಟ್‌ನ ಮೀಡಿಯಾ ಫೋಲ್ಡರ್ ನೋಡು. ಮುಗಿದ ಮೇಲೆ "ಅಳಿಸಿದೆ" ಅಂತ ಒಂದು ಸಾಲು ಬರೆ. ಈ ಇಡೀ ಮೆಸೇಜ್‌ನಲ್ಲಿ ನಾನು ಕಡ್ಡಾಯವಾಗಿ ಉತ್ತರ ಕೇಳ್ತಿರೋದು ಇದೊಂದಕ್ಕೇ.

ನನ್ನ ಇಮೇಲ್‌ಗೆ ರಿಕವರಿ ನಂಬರ್ ನಿನ್ನದಿತ್ತು, ಬದಲಾಯಿಸಿದೆ. ನಿನ್ನ ಬ್ಯಾಂಕ್ ಲಾಗಿನ್‌ಗೆ ರಿಕವರಿ ಇಮೇಲ್ ನನ್ನದಿದೆ, ಅದನ್ನ ನೀನು ಭಾನುವಾರದೊಳಗೆ ಬದಲಾಯಿಸು. ಸಿನಿಮಾ ಆಪ್‌ಗಳ ಪಾಸ್‌ವರ್ಡನ್ನೂ ಭಾನುವಾರವೇ ಬದಲಾಯಿಸ್ತೀನಿ. ಲೊಕೇಶನ್ ಶೇರಿಂಗ್ ನನ್ನ ಕಡೆ ಆಫ್ ಆಗಿದೆ, ನಿನ್ನದು ಇನ್ನೂ ನನಗೆ ಕಾಣ್ತಿದೆ. ದಯವಿಟ್ಟು ಆಫ್ ಮಾಡು. ನೀನೆಲ್ಲಿದ್ದೀಯ ಅಂತ ನನಗೆ ಗೊತ್ತಾಗೋದು ಬೇಡ.

ನಮ್ಮ ಬೆಕ್ಕು ಚುಕ್ಕಿ ನನ್ನ ಹತ್ತಿರ ಇರ್ತಾಳೆ. ನಿನಗೆ ತಿಂಗಳಲ್ಲಿ ಹದಿನೈದು ದಿನ ಊರೂರು ಸುತ್ತೋ ಕೆಲಸ, ಅವಳ ಥೈರಾಯ್ಡ್ ಮಾತ್ರೆ ಹನ್ನೆರಡು ಗಂಟೆಗೊಮ್ಮೆ ತಪ್ಪದೇ ಹೋಗಬೇಕು. ಬಿಟ್ಟುಬಿಟ್ಟು ಕೊಟ್ಟರೆ ಮತ್ತೆ ತೂಕ ಇಳಿಯೋಕೆ ಶುರು. ಕ್ಲಿನಿಕ್‌ನಲ್ಲಿ ಫೈಲ್ ನಿನ್ನ ಹೆಸರಲ್ಲಿದೆ. ಹೆಸರು, ಫೋನ್ ನಂಬರ್ ನನಗೆ ಬದಲಾಯಿಸಿ ಅಂತ ಅವರಿಗೆ ಎರಡು ಸಾಲು ಮೇಲ್ ಹಾಕು. ಇಲ್ಲದಿದ್ದರೆ ರಕ್ತ ಪರೀಕ್ಷೆಯ ರಿಪೋರ್ಟ್ ನಿನಗೆ ಹೋಗುತ್ತೆ, ನನಗೆ ಮಾತ್ರೆಯ ಪ್ರಮಾಣ ಗೊತ್ತಾಗಲ್ಲ. ಅವಳನ್ನ ನೋಡೋಕೆ ಬರ್ತೀನಿ ಅನ್ನೋದು ಬೇಡ. ನಿನಗೆ ಅವಳ ಮೇಲೆ ಎಷ್ಟು ಪ್ರೀತಿ ಅಂತ ಗೊತ್ತು, ಆದರೂ ಬೇಡ.

ನಿನ್ನ ಅಮ್ಮ ಭಾನುವಾರ ಬೆಳಿಗ್ಗೆ ನನಗೆ ಫೋನ್ ಮಾಡ್ತಾರೆ. ಅದಕ್ಕೆ ಮುಂಚೆ ನೀನೇ ಅವರಿಗೆ ಹೇಳು. ನನ್ನ ಬಾಯಿಂದ ಅವರಿಗೆ ಇದು ಗೊತ್ತಾಗೋದು ಸರಿಯಲ್ಲ, ಅವರಿಗೆ ಸುಳ್ಳು ಹೇಳೋಕೂ ನನಗಾಗಲ್ಲ. ಅವರು ಆಮೇಲೂ ಫೋನ್ ಮಾಡಿದರೆ ಎತ್ತುತೀನಿ, ಅವರ ಮಂಡಿ ನೋವು ವಿಚಾರಿಸ್ತೀನಿ, ನಿನ್ನ ವಿಷಯ ಮಾತಾಡಲ್ಲ. ಫ್ರೆಂಡ್ಸ್ ಯಾರಾದರೂ ಕೇಳಿದರೆ "ಬೇರೆ ಆದ್ವಿ" ಅಂತೀನಿ, ಅಲ್ಲಿಗೆ ಮುಗೀತು. ನೀನು ಇನ್ನೇನಾದರೂ ಹೇಳಿದರೂ ತಿದ್ದೋಕೆ ಹೋಗಲ್ಲ.

ಇನ್ನು ಮೇಲೆ ಈ ಲೆಕ್ಕಗಳ ಬಗ್ಗೆ ಇಮೇಲ್‌ನಲ್ಲೇ ಬರೆ, ಎರಡು ದಿನದೊಳಗೆ ಉತ್ತರ ಕೊಡ್ತೀನಿ. ಚಾಟ್ ಮ್ಯೂಟ್ ಮಾಡಿದ್ದೀನಿ, ರಾತ್ರಿ ಕಳಿಸಿದ್ದನ್ನ ನೋಡಲ್ಲ. ಖಾತೆ ಮುಚ್ಚಿದ ದಿನ ನಂಬರ್ ಬ್ಲಾಕ್ ಮಾಡ್ತೀನಿ. ಮುಂಚಿತವಾಗೇ ಹೇಳ್ತಿರೋದು ಯಾಕಂದರೆ, ಆಗ ಅದು ಸಿಟ್ಟಿಗೆ ಮಾಡಿದ್ದು ಅಂತ ನೀನು ಅಂದುಕೊಳ್ಳಬಾರದು.

ನೀನು ಕೊಟ್ಟ ಉಡುಗೊರೆಗಳನ್ನ ವಾಪಸ್ ಕೊಡ್ತಿಲ್ಲ, ನಾನು ಕೊಟ್ಟಿದ್ದೂ ನನಗೆ ಬೇಡ. ನಿನ್ನ ಅಜ್ಜನ ವಾಚ್ ಮಾತ್ರ ಬೇರೆ. ಅದು ನಿಮ್ಮ ಮನೇದು. ನೀಲಿ ತಗಡಿನ ಡಬ್ಬಿಯಲ್ಲಿ, ಹತ್ತಿ ಬಟ್ಟೆ ಸುತ್ತಿ, ಪಾಸ್‌ಪೋರ್ಟ್ ಮತ್ತು ಡಿಗ್ರಿ ಸರ್ಟಿಫಿಕೇಟ್ ಇರೋ ಫೈಲ್ ಮೇಲಿಟ್ಟಿದ್ದೀನಿ. ಕೀಲಿ ಕೊಟ್ಟರೆ ಈಗಲೂ ನಡೆಯುತ್ತೆ, ಗಾಜಿನ ಮೇಲಿನ ಗೀರು ಮೊದಲಿಂದ ಇದ್ದದ್ದೇ.

ಶನಿವಾರ ಬರ್ತೀನಿ ಅಂದಿದ್ದೀಯ, ಆಗಲಿ. ಹತ್ತರಿಂದ ಒಂದು ಗಂಟೆವರೆಗೆ ನಾನು ಮನೇಲಿರಲ್ಲ, ಸೌಮ್ಯ ಇರ್ತಾಳೆ. ಒಟ್ಟು ಏಳು ಪೆಟ್ಟಿಗೆ, ಪ್ರತಿಯೊಂದರ ಮೇಲೂ ಒಳಗೇನಿದೆ ಅಂತ ಬರೆದಿದ್ದೀನಿ. ಗಿಟಾರ್ ಬೇರೆ ಇದೆ, ತಂತಿ ಸ್ವಲ್ಪ ಸಡಿಲ ಮಾಡಿದ್ದೀನಿ. ವಾಚ್ ಮತ್ತು ಫೈಲ್ ಪೆಟ್ಟಿಗೇಲಿಲ್ಲ, ಸೌಮ್ಯ ನಿನ್ನ ಕೈಗೇ ಕೊಡ್ತಾಳೆ, ಅವಳೆದುರೇ ತೆರೆದು ನೋಡಿಕೋ. ಓನರ್ ಪತ್ರವೂ ಅವಳ ಹತ್ತಿರ ಇರುತ್ತೆ. ದುಡ್ಡು ಬಂದಿದೆಯಾ ಅಂತ ನೋಡಿಕೊಂಡು ಸಹಿ ಹಾಕು. ಮುಂಬಾಗಿಲ ಕೀಲಿ ಒಂದು, ಗೇಟಿನದು ಒಂದು, ಎರಡನ್ನೂ ಅವಳಿಗೆ ಕೊಡು. ಚುಕ್ಕಿಯನ್ನ ಒಳಗಿನ ಕೋಣೇಲಿ ಹಾಕಿರ್ತೀನಿ. ಸಾಮಾನು ಸಾಗಿಸೋವಾಗ ಮುಂಬಾಗಿಲು ತೆರೆದೇ ಇರುತ್ತೆ, ಅವಳು ಮೆಟ್ಟಿಲಿಳಿದು ಓಡಿಬಿಡ್ತಾಳೆ, ಆ ಕೋಣೆ ಬಾಗಿಲು ಯಾರೂ ತೆಗೀಬೇಡಿ.

ಮೇಘನಾ